ತಾತನ ಪಕ್ಕದಲ್ಲಿ ನಿಂತವನು ಯಾವ ದೇಶದವನು? ಒಂದು ಹಳೆಯ ಫೋಟೋದ ಪ್ರಕರಣ

ಹಲಸೂರಿನಲ್ಲಿರುವ ನಮ್ಮ ದೂರದ ನೆಂಟರಾದ ಅತ್ತೆಯೊಬ್ಬರು ಒಂದು ಕವರ್ ತಂದುಕೊಟ್ಟರು. ಒಳಗೆ ಅಂಗೈಗಿಂತ ಚಿಕ್ಕದಾದ ಕಪ್ಪು ಬಿಳುಪು ಫೋಟೋ. ಎತ್ತರ ಸುಮಾರು 9 ಸೆಂಟಿಮೀಟರ್. ಮುರಿದ ಗೋಡೆಯೊಂದರ ಮುಂದೆ ಇಬ್ಬರು ಸೈನಿಕರು ನಿಂತಿದ್ದಾರೆ. ಎಡಗಡೆಯವರು ಅತ್ತೆಯ ತಾತ. ಬಲಗಡೆ ಒಬ್ಬ ಬಿಳಿಯ. ಹಿಂದೆ ಪೆನ್ಸಿಲ್‌ನಲ್ಲಿ ‘ಇಟಲಿ, 1944’ ಅಂತ ಇಂಗ್ಲಿಷಿನಲ್ಲಿ ಬರೆದಿದೆ.

“ಇವರು ತಾತನ ಮೇಲಿನ ಇಂಗ್ಲಿಷ್ ಆಫೀಸರ್ ಅಂತ ಅಜ್ಜಿ ಹೇಳ್ತಿದ್ರು ಕಣಪ್ಪಾ. ಭುಜದ ಮೇಲೆ ಪಟ್ಟಿ ಇದೆ ನೋಡು. ಯಾವ ರೆಜಿಮೆಂಟು ಅಂತ ಗೊತ್ತಾದ್ರೆ ಹೇಳು,” ಅಂದರು ಅತ್ತೆ.

ತಾತ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಹೂತಿಟ್ಟ ಮೈನ್ ತೆಗೆಯುವುದು ಆ ಪಡೆಯ ಕೆಲಸ. ಅದರ ಕೇಂದ್ರ ಆಗಲೂ ಬೆಂಗಳೂರಿನಲ್ಲೇ ಇತ್ತು, ಈಗಲೂ ಇಲ್ಲೇ ಇದೆ. ಅವರ ಸೇವಾ ಪುಸ್ತಕ ಮನೆಯಲ್ಲಿ ಉಳಿದಿತ್ತು. ಅದರಲ್ಲಿ 12ನೇ ಫೀಲ್ಡ್ ಕಂಪನಿ ಅಂತ ಇತ್ತು. ಆ ಕಂಪನಿ 4ನೇ ಇಂಡಿಯನ್ ಡಿವಿಷನ್ನಿನ ಜೊತೆ ಇಟಲಿಯಲ್ಲಿತ್ತು. ಹೀಗಾಗಿ ಒಬ್ಬರ ಬಗ್ಗೆ ನಮಗೆ ಗಟ್ಟಿಯಾದ ದಾಖಲೆ ಇತ್ತು. ಉಳಿದದ್ದು ಇನ್ನೊಬ್ಬನ ಪ್ರಶ್ನೆ.

ಮೊದಲ ನೋಟಕ್ಕೆ ಅಜ್ಜಿ ಹೇಳಿದ್ದೇ ಸರಿ ಅನ್ನಿಸಿತು. ಅವನು ಹಾಕಿದ್ದು ಬ್ರಿಟಿಷ್ ಬ್ಯಾಟಲ್‌ಡ್ರೆಸ್. ಸೊಂಟದವರೆಗೆ ಮಾತ್ರ ಬರುವ ಉಣ್ಣೆಯ ಗಿಡ್ಡ ಬ್ಲೌಸ್, ಎದೆ ಮೇಲೆ ಎರಡು ಜೇಬು, ಕೆಳಗೆ ಅದೇ ಬಟ್ಟೆಯ ಪ್ಯಾಂಟ್. ನೋಡಿದ ತಕ್ಷಣ ಗುರುತು ಸಿಗುವ ಉಡುಪು. ಆದರೆ 1944ರ ಇಟಲಿಯಲ್ಲಿ ಈ ಉಡುಪು ಬ್ರಿಟಿಷರದ್ದಷ್ಟೇ ಆಗಿರಲಿಲ್ಲ. ಕೆನಡಾದವರು ಇದೇ ಮಾದರಿಯದನ್ನು ತಾವೇ ಹೊಲಿಸಿಕೊಂಡಿದ್ದರು. ಪೋಲೆಂಡಿನ ಸೈನಿಕರು, ರಿಮಿನಿಯಲ್ಲಿ ಕಾದಾಡಿದ ಗ್ರೀಕ್ ಬ್ರಿಗೇಡ್, 1944ರ ಕೊನೆಗೆ ಬಂದ ಯಹೂದಿ ಬ್ರಿಗೇಡ್, ಕೊನೆಕೊನೆಗೆ ಇಟಲಿಯವರ ಪಡೆಗಳು ಕೂಡ ಬ್ರಿಟನ್ನಿನ ಗೋದಾಮಿನಿಂದ ಬಂದ ಇದೇ ಬಟ್ಟೆ ಹಾಕಿದ್ದರು. ಬಟ್ಟೆ ಯಾರು ಕೊಟ್ಟರು ಅನ್ನುವುದನ್ನು ಮಾತ್ರ ಈ ಉಡುಪು ಹೇಳುತ್ತದೆ. ಹಾಕಿಕೊಂಡವನು ಯಾರ ಸೈನಿಕ ಅನ್ನುವುದು ಅದರ ಮೇಲೆ ಹೊಲಿದ, ಚುಚ್ಚಿದ ಸಣ್ಣ ಗುರುತುಗಳಲ್ಲಿ ಇರುತ್ತದೆ.

ಅವನ್ನು ನೋಡುವುದಕ್ಕೆ ಮುಂಚೆ ಫೋಟೋ ಸರಿಯಾಗಿ ಸ್ಕ್ಯಾನ್ ಆಗಬೇಕಿತ್ತು. ಅತ್ತೆಯ ಮಗ ಫೋನಿನಲ್ಲಿ ತೆಗೆದು ಕಳಿಸಿದ್ದ ಚಿತ್ರ ನೋಡಲು ಚೆನ್ನಾಗಿತ್ತು, ಓದಲು ಬರುತ್ತಿರಲಿಲ್ಲ. ಫೋನಿನ ಕ್ಯಾಮೆರಾ ತಾನಾಗಿಯೇ ನುಣುಪು ಮಾಡಿ ಅಂಚುಗಳನ್ನು ಚೂಪು ಮಾಡುತ್ತದೆ. ಸಣ್ಣ ಅಕ್ಷರ ಇದ್ದ ಕಡೆ ಬರೀ ಗೆರೆಗಳು ಉಳಿಯುತ್ತವೆ. ನಾನು ಮೂಲ ಪ್ರಿಂಟನ್ನೇ 1200 ಡಿಪಿಐನಲ್ಲಿ, ಅಂದರೆ ಒಂದು ಇಂಚಿಗೆ 1200 ಪಿಕ್ಸೆಲ್ ಬರುವ ಹಾಗೆ, ಸ್ಕ್ಯಾನ್ ಮಾಡಿದೆ. ಲೆಕ್ಕ ಸುಲಭ. ಫೋಟೋದಲ್ಲಿ ಮನುಷ್ಯ ಸುಮಾರು 7 ಸೆಂಟಿಮೀಟರ್ ಎತ್ತರ ಇದ್ದಾನೆ, ಅಂದರೆ ನಿಜದ ಅಳತೆಯ 24ನೇ ಒಂದು ಭಾಗ. ತೋಳಿನ ಮೇಲಿನ ಹೆಸರುಪಟ್ಟಿ ನಿಜದಲ್ಲಿ 10 ಸೆಂಟಿಮೀಟರಿನಷ್ಟಿದ್ದರೆ ಫೋಟೋದಲ್ಲಿ 4 ಮಿಲಿಮೀಟರ್. 1200 ಡಿಪಿಐನಲ್ಲಿ ಅದು ಸುಮಾರು 190 ಪಿಕ್ಸೆಲ್ ಆಗುತ್ತದೆ. ಆರು ಅಕ್ಷರ ಇದ್ದರೆ ಒಂದೊಂದಕ್ಕೆ 30 ಪಿಕ್ಸೆಲ್. ಅಷ್ಟಿದ್ದರೆ ಅಕ್ಷರದ ಆಕಾರ ಹಿಡಿಯಬಹುದು. ಅದಕ್ಕಿಂತ ಜಾಸ್ತಿ ಹಿಗ್ಗಿಸಿದರೆ ಕಾಣುವುದು ಫಿಲ್ಮಿನ ಕಾಳು ಮಾತ್ರ.

ಫೋಟೋ ಕನ್ನಡಿಯಂತೆ ತಿರುಗುಮುರುಗಾಗಿ ಪ್ರಿಂಟ್ ಆಗಿಲ್ಲ ಅಂತಲೂ ನೋಡಿಕೊಂಡೆ. ಬ್ಯಾಟಲ್‌ಡ್ರೆಸ್ ಪ್ಯಾಂಟಿನ ದೊಡ್ಡ ಜೇಬು ಎಡತೊಡೆಯ ಮೇಲೆ ಇರಬೇಕು. ಇಲ್ಲಿ ಅಲ್ಲೇ ಇತ್ತು. ಈ ಒಂದು ನೋಟ ಬಿಟ್ಟರೆ ಎಡದ ಗುರುತನ್ನು ಬಲದ್ದು ಅಂದುಕೊಂಡು ಇಡೀ ದಿನ ಹಾಳಾಗಬಹುದು.

ಮೊದಲು ತೋಳು. ಭುಜದ ಹೊಲಿಗೆಯ ಕೆಳಗೆ ಬಿಲ್ಲಿನಂತೆ ಬಾಗಿದ ಒಂದು ಪಟ್ಟಿ ಇದೆ. ಗಾಢ ಬಣ್ಣದ ಹಿನ್ನೆಲೆ, ಬಿಳಿ ಅಕ್ಷರ. ಬ್ರಿಟಿಷ್ ಉಡುಪು ಹಾಕಿದ ಬೇರೆ ದೇಶಗಳವರು ತಮ್ಮ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಇಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಅದನ್ನು ಓದಿಬಿಟ್ಟರೆ ಮುಗಿಯಿತಲ್ವಾ ಅನ್ನಿಸುತ್ತದೆ. ಆದರೆ ಬ್ರಿಟಿಷ್ ರೆಜಿಮೆಂಟುಗಳೂ ಅದೇ ಜಾಗದಲ್ಲಿ ಅದೇ ಆಕಾರದ ಪಟ್ಟಿಯ ಮೇಲೆ ರೆಜಿಮೆಂಟಿನ ಹೆಸರು ಹಾಕುತ್ತಿದ್ದವು. ಪಟ್ಟಿ ಇದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಅಕ್ಷರವೇ ಸಿಗಬೇಕು.

ಎಣಿಸಿದಾಗ ಆರು ಅಕ್ಷರ ಬಂತು. ಇಲ್ಲೇ ಜನ ಎಡವುವುದು. ಪೋಲೆಂಡ್, ಕೆನಡಾ, ಫ್ರಾನ್ಸ್, ನಾರ್ವೆ, ಈ ನಾಲ್ಕೂ ಇಂಗ್ಲಿಷಿನಲ್ಲಿ ಆರಾರು ಅಕ್ಷರದ ಹೆಸರುಗಳು. ಮಸುಕಾದ ಪಟ್ಟಿ ನೋಡಿ ಮನಸ್ಸು ತನಗೆ ಬೇಕಾದ ಹೆಸರನ್ನು ಓದಿಬಿಡುತ್ತದೆ. ನಾನು ಮೊದಲ ಸಲ ನೋಡಿದಾಗ ಕೆನಡಾ ಅಂತಲೇ ಓದಿದ್ದೆ. ಕೆನಡಾದ ಪಡೆಗಳು ಇಟಲಿಯಲ್ಲಿ ಇದ್ದವು ಅಂತ ಗೊತ್ತಿದ್ದರಿಂದ ಕಣ್ಣು ಆ ಕಡೆ ಜಾರಿತ್ತು.

ಆಮೇಲೆ ಹೆಸರು ಓದುವುದನ್ನು ಬಿಟ್ಟು ಒಂದೊಂದೇ ಅಕ್ಷರದ ಆಕಾರ ಬರೆದುಕೊಂಡೆ. ಮೊದಲನೆಯದು ಬಟ್ಟೆಯ ಮಡಿಕೆಯಲ್ಲಿ ಹೋಗಿತ್ತು. ಎರಡನೆಯದು ಪೂರ್ತಿ ದುಂಡಗೆ, ನಡುವೆ ಕಪ್ಪು. ಮೂರನೆಯದರಲ್ಲಿ ಬಿಳಿ ಎಲ್ಲ ಎಡಕ್ಕೂ ಕೆಳಕ್ಕೂ ಇದೆ, ಮೇಲೆ ಬಲಗಡೆ ಖಾಲಿ. ನಾಲ್ಕನೆಯದು ಮೇಲೆ ಚೂಪು. ಐದನೆಯದು ಕಲಸಿಹೋಗಿದೆ. ಆರನೆಯದರ ಎಡ ಅಂಚು ನೇರ, ಬಲ ಅಂಚು ದುಂಡು. ಕೆನಡಾ ಆಗಿದ್ದರೆ ಎರಡನೆಯದೂ ಆರನೆಯದೂ ಎರಡೂ ‘ಎ’ ಆಗಿ ಮೇಲೆ ಚೂಪಾಗಿರಬೇಕಿತ್ತು. ಆಗಿಲ್ಲ. ನಾರ್ವೆ ಆಗಿದ್ದರೆ ಎರಡನೆಯದು ‘ಓ’, ಅದು ಸರಿ. ಆದರೆ ಮೂರನೆಯ ‘ಆರ್’ನ ತಲೆ ಮೇಲೆ ದಪ್ಪ ಇರಬೇಕಿತ್ತು, ಇಲ್ಲಿ ಅಲ್ಲೇ ಖಾಲಿ. ಫ್ರಾನ್ಸಿಗೆ ಎರಡನೆಯದು ದುಂಡಗಿರುವುದೇ ಇಲ್ಲ. ಅಲ್ಲದೆ ಇಟಲಿಯಲ್ಲಿದ್ದ ಫ್ರೆಂಚ್ ಪಡೆ ಹಾಕಿದ್ದು ಬಹುಮಟ್ಟಿಗೆ ಅಮೆರಿಕದ ಉಡುಪು. ಪಿ, ಓ, ಎಲ್, ಎ, ಎನ್, ಡಿ ಮಾತ್ರ ಎಲ್ಲಾ ಆಕಾರಗಳಿಗೂ ಹೊಂದಿತು.

ಪೋಲೆಂಡಿನ ಪಟ್ಟಿ ಕೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ್ದು. ಫೋಟೋದಲ್ಲಿ ಅದು ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಆ ಕಾಲದ ಫಿಲ್ಮುಗಳಲ್ಲಿ ಒಂದು ಬಗೆಯದಕ್ಕೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ, ಕೆಂಪೆಲ್ಲ ಕಪ್ಪಾಗುತ್ತಿತ್ತು. ಇನ್ನೊಂದು ಬಗೆಯದರಲ್ಲಿ ಅದೇ ಕೆಂಪು ನಡುವಿನ ಬೂದು ಆಗುತ್ತಿತ್ತು. ಆದ್ದರಿಂದ ಕಪ್ಪು ಬಿಳುಪು ಫೋಟೋ ನೋಡಿ ‘ಇದು ಕಪ್ಪು ಪಟ್ಟಿ, ಹಾಗಾಗಿ ನ್ಯೂಜಿಲೆಂಡ್’ ಅನ್ನುವ ವಾದ ನಿಲ್ಲುವುದಿಲ್ಲ. ಇದರ ಪುರಾವೆ ತಾತನ ತೋಳಿನ ಮೇಲೇ ಇತ್ತು. 4ನೇ ಇಂಡಿಯನ್ ಡಿವಿಷನ್ನಿನ ಗುರುತು ಕಪ್ಪು ಚೌಕದ ಮೇಲೆ ಹಾರುವ ಕೆಂಪು ಹದ್ದು. ಫೋಟೋದಲ್ಲಿ ಹದ್ದೇ ಇಲ್ಲ, ಬರೀ ಕಪ್ಪು ಚೌಕ ಕಾಣುತ್ತದೆ. ಬೆಳಕಿನ ಮಟ್ಟ ಏರಿಸಿದಾಗ ರೆಕ್ಕೆಯ ಅಂಚು ಮಾತ್ರ ಸ್ವಲ್ಪ ಮೇಲೆದ್ದು ಬಂತು. ಅತ್ತೆಗೆ ಅದನ್ನು ತೋರಿಸಿದಾಗ ಅವರು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತರು. ಅಷ್ಟು ವರ್ಷ ಮನೆಯಲ್ಲಿದ್ದ ಫೋಟೋ, ಹದ್ದು ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಬಿಳಿಯನ ಹೆಸರುಪಟ್ಟಿಯ ಕೆಳಗೆ ಇನ್ನೊಂದು ಚೌಕದ ಪ್ಯಾಚ್. ಅದರಲ್ಲಿ ಒಂದು ಮರ. ಇಂಥ ಪ್ಯಾಚ್ ದೇಶದ್ದಲ್ಲ, ಡಿವಿಷನ್ನಿನದು. ಆದರೂ ಅದು ಯಾವ ಡಿವಿಷನ್ ಅಂತ ಗೊತ್ತಾದರೆ ದೇಶವೂ ಗೊತ್ತಾಗುತ್ತದೆ. ಸಮಸ್ಯೆ ಏನೆಂದರೆ ಇಟಲಿಯಲ್ಲಿ ಮರದ ಗುರುತಿನ ಡಿವಿಷನ್ ಎರಡು ಇದ್ದವು. ಬ್ರಿಟನ್ನಿನ 46ನೇ ಡಿವಿಷನ್ನಿನದು ಓಕ್ ಮರ. ಆ ಡಿವಿಷನ್ನಿನ ಊರ ಕಡೆಯ ಶೆರ್‌ವುಡ್ ಕಾಡಿನಿಂದ ಬಂದ ಗುರುತು ಅದು. ಪೋಲೆಂಡಿನ 3ನೇ ಕಾರ್ಪೇಥಿಯನ್ ರೈಫಲ್ ಡಿವಿಷನ್ನಿನದು ಬಿಳಿ ಕೆಂಪು ಹಿನ್ನೆಲೆಯ ಮೇಲೆ ಹಸಿರು ಸ್ಪ್ರೂಸ್ ಮರ. ಬಣ್ಣ ಹೋದ ಮೇಲೆ ಉಳಿಯುವುದು ಆಕಾರ. ಓಕ್ ನಮ್ಮ ಹುಣಸೆ ಮರದ ಹಾಗೆ, ತಲೆ ಅಗಲವಾಗಿ ದುಂಡಗೆ ಹರಡುತ್ತದೆ. ಸ್ಪ್ರೂಸ್ ನಮ್ಮಲ್ಲಿ ಮನೆ ಮುಂದೆ ಬೆಳೆಸುವ ಕ್ರಿಸ್‌ಮಸ್ ಮರದ ಹಾಗೆ, ಕೆಳಗೆ ಅಗಲ, ಮೇಲೆ ಚೂಪು. ಇಲ್ಲಿದ್ದದ್ದು ಚೂಪಾದದ್ದು. ಹಿನ್ನೆಲೆಯೂ ಒಂದೇ ಬಣ್ಣದ್ದಲ್ಲ. ಒಂದು ಭಾಗ ತಿಳಿ, ಒಂದು ಭಾಗ ಗಾಢ. ಪಟ್ಟಿ ಹೇಳಿದ್ದನ್ನೇ ಪ್ಯಾಚ್ ಕೂಡ ಹೇಳಿತು.

ಇನ್ನು ಟೋಪಿ. ಟೋಪಿಯ ಗುರುತಿನ ಬಗ್ಗೆ ಒಂದು ವಿಷಯ ಮೊದಲೇ ತಲೆಯಲ್ಲಿ ಇರಬೇಕು. ಬ್ರಿಟಿಷ್ ಸೇನೆಯಲ್ಲೂ ಅದರ ಪದ್ಧತಿ ಹಿಡಿದ ಸೇನೆಗಳಲ್ಲೂ ಟೋಪಿಯ ಬ್ಯಾಡ್ಜ್ ರೆಜಿಮೆಂಟಿನದು. ಒಂದೇ ದೇಶದ ಸೈನಿಕರ ತಲೆಯ ಮೇಲೆ ಹತ್ತಾರು ಬಗೆಯ ಬ್ಯಾಡ್ಜ್ ಇರುತ್ತವೆ. ಪೋಲೆಂಡಿನವರದು ಹಾಗಲ್ಲ. ಅಲ್ಲಿ ಸಿಪಾಯಿಯಿಂದ ಜನರಲ್‌ವರೆಗೆ ಎಲ್ಲರ ಟೋಪಿಯ ಮೇಲೂ ದೇಶದ ಹದ್ದು. ರೆಜಿಮೆಂಟನ್ನು ಬೇರೆ ಕಡೆ ಹುಡುಕಬೇಕು, ಕಾಲರಿನ ಮೇಲಿನ ಎರಡು ಬಣ್ಣದ ಪುಟ್ಟ ಬಾವುಟಗಳಂಥವುಗಳಲ್ಲಿ. ಆದ್ದರಿಂದ ಟೋಪಿಯ ಬ್ಯಾಡ್ಜ್ ನೋಡಿ ದೇಶ ಹೇಳುವ ಮುಂಚೆ, ಆ ಸೇನೆಯಲ್ಲಿ ಆ ಜಾಗ ಯಾರಿಗೆ ಮೀಸಲು ಅಂತ ಕೇಳಿಕೊಳ್ಳಬೇಕು. ಅದನ್ನು ಬಿಟ್ಟು ಬರೀ ಚಿತ್ರ ಹೋಲಿಸುತ್ತಾ ಹೋದರೆ ತಪ್ಪು ಕಡೆ ಹೋಗುತ್ತೇವೆ. ಬ್ರಿಟನ್ನಿನ ರಾಯಲ್ ಸ್ಕಾಟ್ಸ್ ಗ್ರೇಸ್ ರೆಜಿಮೆಂಟಿನ ಬ್ಯಾಡ್ಜಿನಲ್ಲೂ ಹದ್ದು ಇದೆ. ವಾಟರ್‌ಲೂ ಯುದ್ಧದಲ್ಲಿ ಫ್ರೆಂಚರಿಂದ ಕಸಿದುಕೊಂಡ ಹದ್ದು ಅದು. ಆ ರೆಜಿಮೆಂಟೂ 1943ರಲ್ಲಿ ಇಟಲಿಗೆ ಬಂದಿತ್ತು. ಅಮೆರಿಕದ ಆಫೀಸರುಗಳ ಟೋಪಿಯ ಮೇಲೂ ಹದ್ದು. ಜರ್ಮನರ ಟೋಪಿಯ ಮೇಲೂ ಹದ್ದು. ತಾತನ ತೋಳಿನ ಮೇಲಂತೂ ಇದ್ದೇ ಇದೆ.

ನಮ್ಮ ಫೋಟೋದಲ್ಲಿ ಬೆರೆಟ್ ಟೋಪಿಯ ಮೇಲಿನ ಲೋಹದ ಬ್ಯಾಡ್ಜ್ 2 ಮಿಲಿಮೀಟರ್ ಇರಬಹುದು. ಗರಿ, ಕಣ್ಣು ಏನೂ ಕಾಣದು. ಹೊರ ಅಂಚು ಮಾತ್ರ ಕಾಣುತ್ತದೆ. ಅದೂ ಸಾಕಾಯಿತು. ಜರ್ಮನ್ ಹದ್ದಿನ ರೆಕ್ಕೆಗಳು ಅಡ್ಡಕ್ಕೆ ನೇರವಾಗಿ ಚಾಚಿರುತ್ತವೆ. ಪೋಲಿಷ್ ಹದ್ದು ಉದ್ದಕ್ಕೆ ನಿಂತಿರುತ್ತದೆ, ರೆಕ್ಕೆ ಮೇಲಕ್ಕೆತ್ತಿ ಬದಿಗೆ ಇಳಿಬಿಟ್ಟಿರುತ್ತದೆ. ಕಾಲ ಕೆಳಗೆ ಅರ್ಧಚಂದ್ರದಂತೆ ಬಾಗಿದ ಗುರಾಣಿ. ಆ ಗುರಾಣಿಯಿಂದಾಗಿ ಬ್ಯಾಡ್ಜಿನ ತಳ ಚೂಪಾಗುವುದಿಲ್ಲ, ಅಗಲವಾಗುತ್ತದೆ. ನಮ್ಮದರಲ್ಲಿ ತಳ ಅಗಲವಾಗಿಯೇ ಇತ್ತು. ತಲೆಯ ಮೇಲೆ ಒಂದು ಚಿಕ್ಕ ಉಬ್ಬು ಬೇರೆಯಾಗಿ ಕಾಣುತ್ತಿತ್ತು. ಅದು ಕಿರೀಟ.

ಈ ಕಿರೀಟದ ಹತ್ತಿರ ಸ್ವಲ್ಪ ನಿಲ್ಲಬೇಕು. 1943ರ ನಂತರ ಪೋಲೆಂಡಿನ ಹೆಸರಿನಲ್ಲಿ ಎರಡು ಸೇನೆ ಇದ್ದವು. ಲಂಡನ್ನಿನಲ್ಲಿ ನೆಲೆ ನಿಂತಿದ್ದ ಪೋಲಿಷ್ ಸರ್ಕಾರದ್ದು ಒಂದು. ಸೋವಿಯತ್ ರಷ್ಯಾದ ಆಸರೆಯಲ್ಲಿ ಕಟ್ಟಿದ್ದು ಇನ್ನೊಂದು. ಎರಡೂ ಸೇನೆಗಳ ಟೋಪಿಯ ಮೇಲೆ ಹದ್ದು ಇತ್ತು. ಸೋವಿಯತ್ ಕಡೆಯ ಹದ್ದಿನ ಕಿರೀಟ ಮಾತ್ರ ತೆಗೆದಿದ್ದರು. ಒಂದು ಅಕ್ಕಿಕಾಳಿನಷ್ಟು ಲೋಹ ಇದೆಯೋ ಇಲ್ಲವೋ ಅನ್ನುವುದರ ಮೇಲೆ, ಇವನು ಯಾವ ಸರ್ಕಾರಕ್ಕೆ ನಿಷ್ಠೆ ಇಟ್ಟವನು ಅನ್ನುವುದು ನಿಂತಿದೆ. ಕಿರೀಟ ಇದೆ. ಅಂದರೆ ಇವನು ಲಂಡನ್ನಿನ ಸರ್ಕಾರದ ಸೈನಿಕ. ಇಟಲಿಯಲ್ಲಿದ್ದ ಜನರಲ್ ವ್ಲಾಡಿಸ್ಲಾವ್ ಆಂಡರ್ಸ್ ಅವರ 2ನೇ ಪೋಲಿಷ್ ಕೋರ್‌ನವನು.

ಉಳಿದದ್ದು ಅಜ್ಜಿ ಹೇಳಿದ ‘ಆಫೀಸರ್’ ಮಾತು. ಭುಜಪಟ್ಟಿಯ ಮೇಲೆ ಅಡ್ಡಕ್ಕೆ ಎರಡು ತಿಳಿ ಗೆರೆಗಳು ಕಾಣುತ್ತಿದ್ದವು. ಬ್ರಿಟಿಷ್ ಮತ್ತು ಭಾರತೀಯ ಪದ್ಧತಿಯಲ್ಲಿ ಭುಜಪಟ್ಟಿಯ ಮೇಲೆ ದರ್ಜೆಯ ಗುರುತು ಇದ್ದರೆ ಸಾಮಾನ್ಯವಾಗಿ ಆಫೀಸರು ಅಂತಲೇ ಅರ್ಥ. ಸಾರ್ಜೆಂಟ್, ಕಾರ್ಪೊರಲ್‌ಗಳ ಪಟ್ಟಿ ತೋಳಿನ ಮೇಲೆ ವಿ ಆಕಾರದಲ್ಲಿರುತ್ತದೆ. ಅಜ್ಜಿ ತಾತನಿಂದ ಕಲಿತದ್ದು ಅದೇ ಪದ್ಧತಿ. ಆ ಲೆಕ್ಕದಲ್ಲಿ ಅವರ ಮಾತು ಸರಿಯೇ. ಅಮೆರಿಕದ ಲೆಕ್ಕದಲ್ಲಿ ನೋಡಿದರೆ ಭುಜದ ಮೇಲಿನ ಎರಡು ಗೆರೆ ಕ್ಯಾಪ್ಟನ್. ಆದರೆ ಪೋಲಿಷ್ ಸೇನೆಯಲ್ಲಿ ಕೆಳ ದರ್ಜೆಯವರ ಗುರುತೂ ಭುಜಪಟ್ಟಿಯ ಮೇಲೆಯೇ ಇರುತ್ತಿತ್ತು. ಅಲ್ಲಿ ಅಡ್ಡಗೆರೆ ಎರಡು ಅಂದರೆ ‘ಕಪ್ರಾಲ್’, ನಮ್ಮ ಲೆಕ್ಕದ ಕಾರ್ಪೊರಲ್. ಆಫೀಸರ್ ಆಗಿದ್ದರೆ ಐದು ಮೂಲೆಯ ನಕ್ಷತ್ರ ಇರಬೇಕಿತ್ತು. ಬ್ರಿಟಿಷ್ ಆಫೀಸರರ ನಕ್ಷತ್ರಕ್ಕೆ ನಾಲ್ಕು ಮೂಲೆ, ವಜ್ರದ ಆಕಾರದಂತೆ ಕಾಣುತ್ತದೆ. ಇಲ್ಲಿ ಯಾವ ನಕ್ಷತ್ರವೂ ಇಲ್ಲ.

ದರ್ಜೆಯನ್ನು ನಾನು ಯಾವಾಗಲೂ ಕೊನೆಗೇ ಓದುತ್ತೇನೆ. ಅದಕ್ಕೆ ಕಾರಣ ಇದೇ. ಒಂದೇ ಎರಡು ಗೆರೆ ಒಂದು ದೇಶದಲ್ಲಿ ಕ್ಯಾಪ್ಟನ್, ಇನ್ನೊಂದರಲ್ಲಿ ಕಾರ್ಪೊರಲ್. ದೇಶ ಗಟ್ಟಿಯಾಗದೆ ದರ್ಜೆ ಓದಲು ಬರುವುದಿಲ್ಲ. ದರ್ಜೆಯಿಂದ ದೇಶಕ್ಕೆ ಹೋಗುವುದು ಇನ್ನೂ ಅಪಾಯ.

ಇಷ್ಟಾದ ಮೇಲೆ ಇದನ್ನು ಸುಳ್ಳು ಮಾಡುವಂಥದ್ದು ಏನಾದರೂ ಫೋಟೋದಲ್ಲಿ ಇದೆಯಾ ಅಂತ ಹುಡುಕಿದೆ. ಆಗ ಇಟಲಿಯವರೂ ಬ್ರಿಟಿಷ್ ಬ್ಯಾಟಲ್‌ಡ್ರೆಸ್ ಹಾಕಿದ್ದರು ಅಂತ ಹೇಳಿದೆನಲ್ಲ, ಅವರ ಕಾಲರಿನ ಮೇಲೆ ಚಿಕ್ಕ ಐದು ಮೂಲೆಯ ನಕ್ಷತ್ರ ಇರುತ್ತಿತ್ತು. ಇಲ್ಲಿ ಕಾಲರಿನ ಮೇಲೆ ಇರುವುದು ಬಾವುಟದಂಥ ಉದ್ದನೆಯ ತುಂಡು, ಎರಡು ಛಾಯೆಯದು. ಯಹೂದಿ ಬ್ರಿಗೇಡಿನ ಪ್ಯಾಚಿನಲ್ಲಿ ಉದ್ದ ಪಟ್ಟೆಗಳ ನಡುವೆ ಆರು ಮೂಲೆಯ ನಕ್ಷತ್ರ, ಇಲ್ಲಿ ಮರ. ಹೆಸರುಪಟ್ಟಿ, ಮರ, ಹದ್ದು, ಕಾಲರ್, ನಾಲ್ಕೂ ಬೇರೆ ಬೇರೆ ಜಾಗದಲ್ಲಿವೆ, ನಾಲ್ಕೂ ಒಂದೇ ಮಾತು ಹೇಳುತ್ತಿವೆ. ಒಂದೇ ಗುರುತು ಸಿಕ್ಕಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಸೈನಿಕರು ಟೋಪಿ ಬದಲಾಯಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದು ಸಾಮಾನ್ಯ. ಹೊಲಿದ ಪ್ಯಾಚನ್ನು ಫೋಟೋಗೋಸ್ಕರ ಯಾರೂ ಬಿಚ್ಚಿ ಹೊಲಿಯುವುದಿಲ್ಲ. ಹಾಗಾಗಿ ಟೋಪಿಗೂ ತೋಳಿಗೂ ಜಗಳ ಬಂದರೆ ನಾನು ತೋಳಿನ ಮಾತು ಕೇಳುತ್ತೇನೆ.

ಜಾಗ, ಕಾಲಕ್ಕೂ ಇದು ಹೊಂದುತ್ತದೆ. 4ನೇ ಇಂಡಿಯನ್ ಡಿವಿಷನ್ 1944ರ ಫೆಬ್ರುವರಿ, ಮಾರ್ಚ್‌ನಲ್ಲಿ ಮೊಂಟೆ ಕಸ್ಸೀನೋದ ಬೆಟ್ಟದಲ್ಲಿ ಬಹಳ ಜನರನ್ನು ಕಳೆದುಕೊಂಡಿತು. ಅದೇ ಬೆಟ್ಟದ ಮಠದ ಅವಶೇಷದ ಮೇಲೆ ಮೇ 18ರಂದು ಬಾವುಟ ಏರಿಸಿದ್ದು ಪೋಲಿಷ್ ಕೋರ್‌ನವರು. ಕಸ್ಸೀನೋದಿಂದ ಹೊರಟ ಮೇಲೆ 4ನೇ ಡಿವಿಷನ್ ಏಡ್ರಿಯಾಟಿಕ್ ಕರಾವಳಿಯ ಕಡೆಗೆ ಹೋಯಿತು. ಪೋಲಿಷ್ ಕೋರ್ ಕೂಡ ಕಸ್ಸೀನೋಗೆ ಮುಂಚೆಯೂ ಆಮೇಲೆಯೂ ಆ ಕಡೆ ಇತ್ತು. ವರ್ಷದ ಕೊನೆಗೆ 4ನೇ ಡಿವಿಷನ್ ಗ್ರೀಸಿಗೆ ಹೋಯಿತು. ಇಬ್ಬರೂ ಉಣ್ಣೆ ಬ್ಲೌಸ್ ಹಾಕಿದ್ದಾರೆ, ಆದ್ದರಿಂದ ಇದು ಸೆಕೆಗಾಲ ಅಲ್ಲ. ವಸಂತದಲ್ಲೋ ಶರತ್ಕಾಲದಲ್ಲೋ ತೆಗೆದ ಫೋಟೋ. ಯಾವ ತಿಂಗಳು, ಯಾವ ಊರು ಅಂತ ಮುರಿದ ಗೋಡೆ ಹೇಳುವುದಿಲ್ಲ.

ಅತ್ತೆಗೆ ಎಲ್ಲವನ್ನೂ ತೋರಿಸಿದೆ. ಒಂದೊಂದು ತುಂಡನ್ನೂ ದೊಡ್ಡದು ಮಾಡಿ, ಪಕ್ಕದಲ್ಲಿ ನಿಜವಾದ ಬ್ಯಾಡ್ಜಿನ ಚಿತ್ರ ಇಟ್ಟು. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಹಾಗಾದ್ರೆ ಇವನು ಪೋಲೆಂಡ್ ದೇಶದವನು ಅಲ್ವಾ?”

ಇದಕ್ಕೆ ಎಚ್ಚರದಿಂದ ಉತ್ತರ ಕೊಡಬೇಕಿತ್ತು. ಇವನು ಪೋಲೆಂಡಿನ ಸೈನಿಕ, ಅಷ್ಟು ಖಚಿತ. ಆದರೆ ಆಂಡರ್ಸ್ ಅವರ ಸೈನಿಕರಲ್ಲಿ ತುಂಬಾ ಜನ ಪೋಲೆಂಡಿನ ಪೂರ್ವ ಭಾಗದವರು. 1939ರ ನಂತರ ಅಲ್ಲಿಂದ ಸೋವಿಯತ್ ಶಿಬಿರಗಳಿಗೆ ಸಾಗಿಸಲ್ಪಟ್ಟು, 1941ರಲ್ಲಿ ಬಿಡುಗಡೆಯಾಗಿ, ಇರಾನ್, ಇರಾಕ್, ಪ್ಯಾಲೆಸ್ತೀನ್ ದಾಟಿ ಇಟಲಿಗೆ ಬಂದವರು. ಅವರಲ್ಲಿ ಯುಕ್ರೇನಿಯನ್ನರು, ಬೆಲಾರೂಸಿಯನ್ನರು, ಯಹೂದಿಗಳೂ ಇದ್ದರು. ಅವರು ಹುಟ್ಟಿದ ಎಷ್ಟೋ ಊರುಗಳು ಇವತ್ತು ಯುಕ್ರೇನ್, ಬೆಲಾರೂಸ್, ಲಿಥುವೇನಿಯಾದಲ್ಲಿವೆ. ಬ್ಯಾಡ್ಜ್ ಹೇಳುವುದು ಅವನು ಯಾವ ಸೇನೆಯವನು ಅಂತ. ಮನೆಯಲ್ಲಿ ಯಾವ ಮಾತು ಆಡುತ್ತಿದ್ದ, ಯುದ್ಧ ಮುಗಿದ ಮೇಲೆ ಯಾವ ಊರಿಗೆ ಹೋದ ಅನ್ನುವುದು ಅದರಲ್ಲಿಲ್ಲ. ಅವನ ಹೆಸರೂ ಇಲ್ಲ.

ಅದೇ ಸೋವಿಯತ್ ಶಿಬಿರಗಳಿಂದ ಬಂದ ಹೆಂಗಸರು ಮಕ್ಕಳಲ್ಲಿ ಕೆಲವರು 1943ರಿಂದ ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ವಳಿವಡೆ ಶಿಬಿರದಲ್ಲಿದ್ದರು ಅಂದೆ. ಅತ್ತೆ ಮದುವೆಗೆ ಮುಂಚೆ ಬೆಳಗಾವಿಯಲ್ಲಿ ಬೆಳೆದವರು. “ಅಷ್ಟು ಹತ್ತಿರವಾ?” ಅಂದರು. ಫೋಟೋವನ್ನು ಮತ್ತೆ ಕೈಗೆ ತೆಗೆದುಕೊಂಡರು.

ಹಿಂದಿನ ಪೆನ್ಸಿಲ್ ಬರಹವನ್ನು ಮುಟ್ಟಬೇಡಿ, ಫೋಟೋದ ಮೇಲೆ ಏನೂ ಬರೆಯಬೇಡಿ ಅಂತ ಹೇಳಿ ಹೊಸ ಕವರ್ ಕೊಟ್ಟೆ. ಕವರಿನ ಮೇಲೆ ಅವರೇ ದುಂಡಗಿನ ಅಕ್ಷರದಲ್ಲಿ ಬರೆದರು: ‘ತಾತ, ಇಟಲಿ, 1944. ಪಕ್ಕದಲ್ಲಿ ಪೋಲಿಷ್ ಸೇನೆಯ ಕಾರ್ಪೊರಲ್, 3ನೇ ಕಾರ್ಪೇಥಿಯನ್ ಡಿವಿಷನ್. ಹೆಸರು ಗೊತ್ತಿಲ್ಲ.’